ಕನ್ನಡ ಇ–ಪುಸ್ತಕ: ಯಾವ ಅಂಗಡಿಗೆ ಹಾಕಿದರೆ ಕೈಗೆಷ್ಟು?

ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು ದಾವಣಗೆರೆಯ ನಮ್ಮ ಮನೆಗೆ ಬಂದಾಗ ಅವರ ಕೈಚೀಲದಲ್ಲಿ ಮೂರು ಕಂತೆ ಕಾಗದ ಮತ್ತು ಒಂದು ಪೆನ್‌ಡ್ರೈವ್ ಇದ್ದವು. ಒಂದು ಕಂತೆ ಅರವತ್ತು ಕವಿತೆಗಳದು. ಇನ್ನೊಂದು ಕೋಟೆಯನ್ನು ಹತ್ತಿ ನೋಡುವವರಿಗೆ ಬರೆದ ಕೈಪಿಡಿ. ಮೂರನೆಯದು ಹಿರಿಯೂರು ಕಡೆಯ ತಮ್ಮ ತೋಟದಲ್ಲಿ ದಾಳಿಂಬೆ ಬೆಳೆದ ಅನುಭವ. ‘ಒಂದನ್ನಾದರೂ ಕಿಂಡಲ್‌ಗೆ ಹಾಕಿಕೊಡಪ್ಪ, ಎಲ್ಲರೂ ಅದನ್ನೇ ಹೇಳುತ್ತಾರೆ’ ಎಂದರು. ಇ–ಪುಸ್ತಕ ಎಂದರೆ ಅಮೆಜಾನ್‌ನ ಕಿಂಡಲ್ ಎಂದೇ ನಂಬಿರುವವರು ಅವರೊಬ್ಬರೇ ಅಲ್ಲ. ಪುಟ ಕಟ್ಟುವ ಕೆಲಸ ಮಾಡುವ ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನ ಇದೇ ಮಾತಿನಿಂದ ಶುರು ಮಾಡುತ್ತಾರೆ. ಅವತ್ತು ಮೇಷ್ಟ್ರಿಗೆ ಹಾಕಿ ತೋರಿಸಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಯಾವ ಅಂಗಡಿಯನ್ನು ನೋಡುವಾಗಲೂ ನಾನು ಐದು ಪ್ರಶ್ನೆ ಕೇಳುತ್ತೇನೆ. ಅದು ಕನ್ನಡವನ್ನು ಅಧಿಕೃತವಾಗಿ ಒಪ್ಪುತ್ತದೆಯೇ? ಒಂದು ಪ್ರತಿ ಮಾರಾಟವಾದರೆ ನನ್ನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ? ಆ ದುಡ್ಡು ಯಾವಾಗ ಬರುತ್ತದೆ? ಕಡತ ಸಿದ್ಧಪಡಿಸುವ ಕೆಲಸ ಯಾರದು? ಬೇಡವೆನಿಸಿದ ದಿನ ಹೊರಬರಬಹುದೇ? ಎರಡನೆಯ ಪ್ರಶ್ನೆಯಲ್ಲಿ ರೂಪಾಯಿ ಎಂದು ಬೇಕೆಂದೇ ಹೇಳಿದ್ದೇನೆ. ಶೇ 70 ಎಂಬ ಮಾತು ಕಿವಿಗೆ ಇಂಪು. ಅದು ಯಾವುದರಲ್ಲಿ ಶೇ 70 ಎಂದು ಕೇಳಿದಾಗಲೇ ನಿಜ ಹೊರಬೀಳುವುದು.

ಮೂರರಲ್ಲಿ ಯಾವುದು?

ಮೇಷ್ಟ್ರ ಮನಸ್ಸು ಕವಿತೆಯ ಕಡೆ ಇತ್ತು. ಕವಿತೆ ಪ್ರಕಟವಾಗಬಾರದು ಎಂದಲ್ಲ. ಆದರೆ ಹೆಸರು ಗೊತ್ತಿಲ್ಲದ ಕವಿಯ ಸಂಕಲನವನ್ನು ಮೊಬೈಲಿನಲ್ಲಿ ಯಾರು ಹುಡುಕುತ್ತಾರೆ, ಯಾವ ಪದ ಹಾಕಿ ಹುಡುಕುತ್ತಾರೆ? ಇದಕ್ಕೆ ಉತ್ತರ ಹೊಳೆಯದಿದ್ದರೆ ಅಚ್ಚು ಹಾಕಿಸಿ ಸ್ನೇಹಿತರ ಕೈಗೆ ಕೊಡುವುದೇ ಮೇಲು. ಕೋಟೆಯ ಕೈಪಿಡಿಯ ವಿಷಯ ಬೇರೆ. ಮೊದಲ ಬಾಗಿಲ ಹತ್ತಿರ ನಿಂತವನು ಮೊಬೈಲ್ ತೆಗೆದು ‘ಚಿತ್ರದುರ್ಗ ಕೋಟೆ’ ಎಂದೋ ‘ಓಬವ್ವನ ಕಿಂಡಿ ಎಲ್ಲಿದೆ’ ಎಂದೋ ಹುಡುಕುತ್ತಾನೆ. ಹುಡುಕುವ ಪದ, ಓದುವ ಜಾಗ, ಓದುವ ಸಾಧನ ಮೂರೂ ಅಲ್ಲೇ ಕೂಡಿಬಂದಿವೆ. ದಾಳಿಂಬೆಯ ಪುಸ್ತಕಕ್ಕೂ ಓದುಗರಿದ್ದಾರೆ. ಆದರೆ ಅದರಲ್ಲಿ ಔಷಧಿಯ ಪ್ರಮಾಣಗಳಿದ್ದವು. ಅವನ್ನು ತೋಟಗಾರಿಕೆ ಬಲ್ಲವರಿಗೆ ತೋರಿಸದೆ ಮಾರುವುದು ತಪ್ಪು, ಹಾಗಾಗಿ ಅದನ್ನು ಪಕ್ಕಕ್ಕಿಟ್ಟೆವು. ಕೈಪಿಡಿಯೇ ಮೊದಲು ಎಂದು ತೀರ್ಮಾನವಾಯಿತು.

ನಿಮ್ಮ ಪುಸ್ತಕ ಈಗಾಗಲೇ ಅಚ್ಚಾಗಿದ್ದರೆ ಹಳೆಯ ಒಪ್ಪಂದ ತೆಗೆದು ನೋಡಿ. ಡಿಜಿಟಲ್ ಹಕ್ಕನ್ನೂ ಪ್ರಕಾಶಕರಿಗೆ ಬರೆದುಕೊಟ್ಟಿದ್ದರೆ ಅವರ ಲಿಖಿತ ಒಪ್ಪಿಗೆ ಸಿಗುವ ತನಕ ಮುಂದೆ ಹೋಗಬೇಡಿ.

ಅಂಗಡಿಗಳನ್ನು ತೂಗಿದಾಗ

ಕಿಂಡಲ್‌ನಿಂದಲೇ ಶುರು ಮಾಡೋಣ. ಲೇಖಕರು ತಾವೇ ಪುಸ್ತಕ ಏರಿಸುವ ಅಮೆಜಾನ್‌ನ ವ್ಯವಸ್ಥೆಗೆ ಕೆಡಿಪಿ ಎಂದು ಹೆಸರು. ಅದು ಇ–ಪುಸ್ತಕಕ್ಕೆ ಒಪ್ಪುವ ಭಾಷೆಗಳ ಪಟ್ಟಿಯಲ್ಲಿ ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿ ಇವೆ, ಕನ್ನಡ ಇಲ್ಲ. ಖಾತೆ ತೆರೆಯುವ ಮುನ್ನ ಆ ಪಟ್ಟಿಯನ್ನು ನೀವೇ ಒಮ್ಮೆ ನೋಡಿ, ಏಕೆಂದರೆ ಭಾಷೆಗಳು ಸೇರ್ಪಡೆಯಾಗುತ್ತಿರುತ್ತವೆ. ಬೇರೆ ಭಾಷೆಯ ಹೆಸರು ಆರಿಸಿ ಕನ್ನಡ ಪಠ್ಯ ಏರಿಸುವ ಒಳದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಸಿಕ್ಕಿಬಿದ್ದ ದಿನ ಪುಸ್ತಕ ಕೆಳಗಿಳಿಯುತ್ತದೆ, ಬಂದಿದ್ದ ಓದುಗರ ವಿಮರ್ಶೆಗಳೂ ಅದರೊಂದಿಗೆ ಹೋಗುತ್ತವೆ. ಖಾತೆಗೂ ಕುತ್ತು ಬರಬಹುದು.

ಹಾಗೆಂದು ಕಿಂಡಲ್ ನಮಗೆ ಪೂರ್ತಿ ಬೇಡವಾದದ್ದೂ ಅಲ್ಲ. ಮೇಷ್ಟ್ರ ಮಗಳು ಕೈಪಿಡಿಯನ್ನು ಇಂಗ್ಲಿಷಿಗೆ ತರುತ್ತಿದ್ದಾರೆ. ಕೋಟೆಗೆ ಹೊರರಾಜ್ಯದವರೂ ಬರುವುದರಿಂದ ಇಂಗ್ಲಿಷ್ ಆವೃತ್ತಿಗೆ ಅದೇ ಸರಿಯಾದ ಜಾಗ. ಲೆಕ್ಕ ಸ್ವಲ್ಪ ಸೂಕ್ಷ್ಮ. ಕೆಡಿಪಿಯಲ್ಲಿ ಶೇ 70 ಮತ್ತು ಶೇ 35 ಎಂಬ ಎರಡು ದರಗಳಿವೆ. ಭಾರತದಲ್ಲಿ ಮಾರಾಟವಾಗುವ ಪ್ರತಿಗೆ ಶೇ 70 ಬೇಕಾದರೆ ಪುಸ್ತಕವನ್ನು ಕೆಡಿಪಿ ಸೆಲೆಕ್ಟ್ ಎಂಬ ಯೋಜನೆಗೆ ಸೇರಿಸಬೇಕು. ಸೇರಿದರೆ 90 ದಿನಗಳ ಅವಧಿಗೆ ಆ ಇ–ಪುಸ್ತಕ ಬೇರೆಲ್ಲೂ ಇರುವಂತಿಲ್ಲ, ನಿಮ್ಮ ಸ್ವಂತ ಜಾಲತಾಣದಲ್ಲೂ ಮಾರುವಂತಿಲ್ಲ. ಇದರ ಮೇಲೆ ಶೇ 70ರ ದರದಲ್ಲಿ ಕಡತ ತಲುಪಿಸುವ ಖರ್ಚೆಂದು ಪ್ರತಿ ಎಂಬಿಗೆ 7 ರೂಪಾಯಿಯನ್ನು ಮೊದಲೇ ಕಳೆಯುತ್ತಾರೆ. ಶೇ 35ರಲ್ಲಿ ಆ ಖರ್ಚಿಲ್ಲ.

ಮೇಷ್ಟ್ರ ಮೊದಲ ಕಡತದಲ್ಲಿ ಹದಿನೈದು ಫೋಟೊಗಳಿದ್ದು ಅದು 20 ಎಂಬಿ ತೂಗುತ್ತಿತ್ತು. ತೆರಿಗೆ ಬಿಟ್ಟು ಬೆಲೆ 200 ರೂಪಾಯಿ ಎಂದುಕೊಳ್ಳಿ. ಶೇ 70 ಆರಿಸಿದರೆ 200ರಲ್ಲಿ 140 ರೂಪಾಯಿ ಸಾಗಣೆಗೇ ಹೋಗಿ, ಉಳಿದ 60ರ ಶೇ 70, ಅಂದರೆ 42 ರೂಪಾಯಿ ಕೈಗೆ ಬರುತ್ತದೆ. ಶೇ 35 ಆರಿಸಿದರೆ ಸೀದಾ 70 ರೂಪಾಯಿ. ದೊಡ್ಡ ಶೇಕಡಾವಾರು ಕಡಿಮೆ ದುಡ್ಡು ಕೊಟ್ಟಂತಾಯಿತು. ಆಮೇಲೆ ಪ್ರತಿ ಚಿತ್ರವನ್ನೂ 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಜೆಪೆಗ್ ಗುಣಮಟ್ಟವನ್ನು 70ಕ್ಕೆ ಇಟ್ಟು ಉಳಿಸಿದೆವು. ಕಡತ 3 ಎಂಬಿಗೆ ಬಂತು. ಈಗ ಸಾಗಣೆಗೆ 21 ಹೋಗಿ, ಉಳಿದ 179ರಲ್ಲಿ 125 ರೂಪಾಯಿ 30 ಪೈಸೆ. ಮೊಬೈಲ್ ಪರದೆಯ ಮೇಲೆ ಚಿತ್ರಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ, ಮೇಷ್ಟ್ರು ಕನ್ನಡಕ ಹಾಕಿಕೊಂಡೇ ನೋಡಿದರು.

ಕೆಡಿಪಿಯ ಹಣ ಬರುವುದು ನಿಧಾನ. ಮಾರಾಟವಾದ ತಿಂಗಳು ಮುಗಿದ ಮೇಲೆ ಸುಮಾರು 60 ದಿನ ಕಾಯಬೇಕು. ದಸರಾ ರಜೆಯ ಅಕ್ಟೋಬರಿನಲ್ಲಿ ಮಾರಿದ್ದು ಬ್ಯಾಂಕಿಗೆ ಬರುವುದು ಡಿಸೆಂಬರ್ ಕೊನೆಗೆ. ಖಾತೆ ತೆರೆಯುವಾಗ ಅಮೆರಿಕದ ತೆರಿಗೆಯ ಒಂದು ಪ್ರಶ್ನಾವಳಿ ಬರುತ್ತದೆ. ಗಾಬರಿಯಾಗಬೇಡಿ. ನಿಮ್ಮ ಪ್ಯಾನ್ ಸಂಖ್ಯೆ ಕೊಟ್ಟು ಭಾರತದೊಂದಿಗಿನ ಒಪ್ಪಂದದ ಲಾಭ ಕೇಳಿದರೆ, ಅಮೆರಿಕದಲ್ಲಿ ಆದ ಮಾರಾಟದ ಗೌರವಧನದ ಮೇಲೆ ಶೇ 30ರ ಬದಲು ಶೇ 15 ಕಡಿತವಾಗುತ್ತದೆ. ಭಾರತದ ಮಾರಾಟಕ್ಕೆ ಅದು ತಾಗುವುದಿಲ್ಲ.

ಗೂಗಲ್ ಪ್ಲೇ ಬುಕ್ಸ್ ಕನ್ನಡಕ್ಕೆ ಬಾಗಿಲು ತೆರೆದಿರುವ ದೊಡ್ಡ ಅಂಗಡಿ. ನಮ್ಮ ಓದುಗರಲ್ಲಿ ಹೆಚ್ಚಿನವರ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇರುವುದರಿಂದ ಖಾತೆಯೂ ಹಣ ಪಾವತಿಸುವ ದಾರಿಯೂ ಅವರಲ್ಲಿ ಮೊದಲೇ ಇರುತ್ತವೆ. ಹೊಸ ಷರತ್ತುಗಳನ್ನು ಒಪ್ಪಿಕೊಂಡ ಲೇಖಕರಿಗೆ ಭಾರತದ ಮಾರಾಟದಲ್ಲಿ ಶೇ 70 ಸಿಗುತ್ತದೆ, ಒಪ್ಪದಿದ್ದರೆ ಶೇ 52. ಆದ್ದರಿಂದ ಪಾರ್ಟ್‌ನರ್ ಸೆಂಟರ್ ಪುಟದಲ್ಲಿ ಆ ಒಪ್ಪಿಗೆ ಬಾಕಿ ಇದೆಯೇ ಎಂದು ನೋಡಿಕೊಳ್ಳಿ. ಎಂಬಿಯ ಲೆಕ್ಕದ ಕಡಿತ ಇಲ್ಲ, ಬೇರೆಡೆ ಮಾರಬೇಡಿ ಎಂಬ ಕಟ್ಟಳೆ ಇಲ್ಲ. ತೆರಿಗೆ ಬಿಟ್ಟು 100 ರೂಪಾಯಿ ಬೆಲೆಗೆ 70 ರೂಪಾಯಿ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆ ಇಲ್ಲದಿದ್ದರೆ GGKEY ಎಂದು ಶುರುವಾಗುವ ಸಂಖ್ಯೆಯನ್ನು ಅವರೇ ಕೊಡುತ್ತಾರೆ. ತೊಂದರೆ ಒಂದೇ, ಎಲ್ಲ ಕೆಲಸವೂ ನಿಮ್ಮದೇ. ಕಡತ ಕೆಟ್ಟಿದ್ದರೆ ಕರೆ ಮಾಡಿ ಹೇಳುವವರು ಯಾರೂ ಇಲ್ಲ.

ಇಲ್ಲಿ ಒಂದು ವಿಷಯ ಕನ್ನಡದವರಿಗೇ ಎಂದು ಹೇಳಬೇಕು. ಗೂಗಲ್ ಕನಿಷ್ಠ ಶೇ 20 ಭಾಗವನ್ನು ಉಚಿತವಾಗಿ ಓದಲು ಬಿಡುತ್ತದೆ. ನಮ್ಮ ಪುಸ್ತಕಗಳಲ್ಲಿ ಅರ್ಪಣೆ, ಆಶೀರ್ವಚನ, ಮುನ್ನುಡಿ, ಲೇಖಕರ ಮಾತು, ಕೃತಜ್ಞತೆ ಎಂದು ಹದಿನೈದು ಪುಟ ಮುಗಿದ ಮೇಲೆ ಪುಸ್ತಕ ಶುರುವಾಗುತ್ತದೆ. 90 ಪುಟದ ಕೈಪಿಡಿಯಲ್ಲಿ ಮಾದರಿ ಭಾಗ 18 ಪುಟ. ಓದುಗ ಮೂರು ಪುಟ ಕೋಟೆ ನೋಡಿ ಕೊಳ್ಳಬೇಕೋ ಬೇಡವೋ ನಿರ್ಧರಿಸಬೇಕು! ಮುನ್ನುಡಿಗಳನ್ನೆಲ್ಲ ಕೊನೆಗೆ ಕಳಿಸಿ ಎಂದೆ. ಮೇಷ್ಟ್ರು ಒಂದು ಗಂಟೆ ವಾದಿಸಿ, ಅರ್ಪಣೆಯೊಂದನ್ನು ಮುಂದೆ ಉಳಿಸಿಕೊಂಡು ಒಪ್ಪಿದರು.

ಮೂರನೆಯ ದಾರಿ, ಮೈಲ್ಯಾಂಗ್ ಮತ್ತು ಪುಸ್ತಕ ಡಿಜಿಟಲ್ ಮೀಡಿಯಾದಂತಹ, ಕನ್ನಡ ಇ–ಪುಸ್ತಕಗಳನ್ನು ಪ್ರಕಟಿಸಿ ಮಾರುವ ಸಂಸ್ಥೆಗಳು. ಕಂಪ್ಯೂಟರ್ ಮುಂದೆ ಕೂರಲು ಬೇಸರಪಡುವವರಿಗೆ ಇಂಥ ದಾರಿ ಹಿತ. ಕನ್ನಡ ಪುಸ್ತಕಕ್ಕೆಂದೇ ಬರುವ ಓದುಗರೂ ಅಲ್ಲಿರುತ್ತಾರೆ. ಒಬ್ಬೊಬ್ಬರ ಷರತ್ತು ಒಂದೊಂದು ಥರ, ಆದ್ದರಿಂದ ಒಪ್ಪಂದದಲ್ಲಿ ಮೂರು ಕಡೆ ಬೆರಳಿಟ್ಟು ಓದಿ: ಗೌರವಧನ ಮುಖಬೆಲೆಯ ಮೇಲೋ ನಿವ್ವಳ ಆದಾಯದ ಮೇಲೋ, ಒಪ್ಪಂದ ಎಷ್ಟು ವರ್ಷ, ಹಕ್ಕು ಅವರೊಬ್ಬರಿಗೇ ಸೀಮಿತವೇ. ಉದಾಹರಣೆಗೆ ನಿವ್ವಳದಲ್ಲಿ ಅರ್ಧ ಎಂದಿದೆ ಎಂದುಕೊಳ್ಳಿ. 100 ರೂಪಾಯಿಯ ಪುಸ್ತಕದಲ್ಲಿ ಮಾರಾಟದ ಖರ್ಚೆಲ್ಲ ಕಳೆದು 80 ಉಳಿದರೆ ನಿಮಗೆ 40. ಕಡತ, ಮುಖಪುಟ, ಪ್ರಚಾರ ಎಲ್ಲವನ್ನೂ ಅವರು ಮಾಡಿದರೆ ಅದು ಅನ್ಯಾಯದ ದರವಲ್ಲ. ನಾನೇ ಒಮ್ಮೆ ಒಂದು ಸಂಸ್ಥೆಗೆ ಓದದೆ ಸಹಿ ಹಾಕಿ, ನನ್ನ ಸಣ್ಣ ಪುಸ್ತಕವೊಂದನ್ನು ಐದು ವರ್ಷ ಬೇರೆಲ್ಲೂ ಮಾರಲಾಗದಂತೆ ಕಟ್ಟಿಹಾಕಿಕೊಂಡಿದ್ದೆ. ಆ ಸಂಸ್ಥೆಯ ಮಾರಾಟದ ವರದಿ ಎರಡು ಸಲ ಬಂದು ನಿಂತುಹೋಯಿತು. ಅಂದಿನಿಂದ ಎಲ್ಲರಿಗೂ ಹೇಳುವುದು ಒಂದೇ: ಹಕ್ಕು ಅವರೊಬ್ಬರಿಗೇ ಸೀಮಿತವಾಗಿರಬಾರದು ಅಥವಾ ಅವಧಿ ಚಿಕ್ಕದಿರಬೇಕು, ಎರಡರಲ್ಲಿ ಒಂದಾದರೂ ಇಲ್ಲದೆ ಸಹಿ ಬೇಡ.

ನಾಲ್ಕನೆಯದು ನೇರ ಮಾರಾಟ. ಪಾವತಿ ಕೊಂಡಿಯೊಂದನ್ನು ಮಾಡಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು, ಹಣ ಬಂದ ಮೇಲೆ ಕಡತ ಕಳಿಸುವುದು. ಶೇ 2ರ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ ಕಳೆದು 100ರಲ್ಲಿ 97 ರೂಪಾಯಿ 64 ಪೈಸೆ ಉಳಿಯುತ್ತದೆ, ಅದೂ ಕೆಲವೇ ದಿನಗಳಲ್ಲಿ. ದರ ನೋಡಿದರೆ ಇದಕ್ಕೆ ಸಾಟಿಯಿಲ್ಲ. ಆದರೆ ನಿಮ್ಮನ್ನು ಬಲ್ಲವರು ಮಾತ್ರ ಕೊಳ್ಳುತ್ತಾರೆ, ಮತ್ತು ಕಳಿಸಿದ ಪಿಡಿಎಫ್ ಸಂಜೆಯೊಳಗೆ ಬಳಗದ ಗುಂಪಿನಲ್ಲಿ ಓಡಾಡುತ್ತದೆ. ಪ್ರತಿ ಪುಟದ ಅಡಿಯಲ್ಲಿ ಕೊಂಡವರ ಹೆಸರು ಅಚ್ಚಾಗುವಂತೆ ಮಾಡಿದರೆ ಓಡಾಟ ಸ್ವಲ್ಪ ತಗ್ಗುತ್ತದೆ, ನಿಲ್ಲುವುದಿಲ್ಲ. ನಿಮಗೆ ಶಿಷ್ಯವರ್ಗ, ತರಬೇತಿ ತರಗತಿ ಅಥವಾ ರೈತ ಗುಂಪು ಇದ್ದರೆ ಇದನ್ನು ಮೊದಲು ಮಾಡಿ. ಇಲ್ಲದಿದ್ದರೆ ಇದೊಂದನ್ನೇ ನಂಬಬೇಡಿ. ಧಾರಾವಾಹಿ ಕಾದಂಬರಿ ಬರೆಯುವವರಿಗೆ ಪ್ರತಿಲಿಪಿ ಎಂಬ ಜಾಲತಾಣವಿದೆ, ಅದು ಕಂತುಗಳ ಲೋಕ. ಕೈಪಿಡಿಗೆ ಹೊಂದುವುದಿಲ್ಲ.

ಕಡತ: ಒಂಬತ್ತು ಮತ್ತು ಸೊನ್ನೆಯ ಕಾಟ

ಪಿಡಿಎಫ್ ಸಾಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಪಿಡಿಎಫ್ ಪುಟವನ್ನು ಚಿತ್ರದಂತೆ ಹಿಡಿದಿಡುತ್ತದೆ. ಮೊಬೈಲಿನಲ್ಲಿ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಸರಿಸಿ ಓದಬೇಕು. ಇಪಬ್ ಎಂಬ ಇ–ಪುಸ್ತಕದ ಕಡತವಾದರೆ ಅಕ್ಷರ ದೊಡ್ಡದು ಮಾಡಿದಂತೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ನಕ್ಷೆ, ಕೋಷ್ಟಕ ತುಂಬಿದ ಪುಸ್ತಕಕ್ಕೆ ಪಿಡಿಎಫ್ ಇರಲಿ, ಸಾಲುಸಾಲು ಓದುವ ಪುಸ್ತಕಕ್ಕೆ ಇಪಬ್ ಬೇಕು. ಲಿಬ್ರೆ ಆಫೀಸ್ ರೈಟರ್ ಉಚಿತವಾಗಿಯೇ ಇಪಬ್ ಮಾಡಿಕೊಡುತ್ತದೆ, ತಿದ್ದಲು ಸಿಗಿಲ್ ಎಂಬ ತಂತ್ರಾಂಶವಿದೆ, ಅದೂ ಉಚಿತ.

ನಿಜವಾದ ತಲೆನೋವು ಅದಕ್ಕೂ ಮೊದಲೇ ಶುರು. ಮೇಷ್ಟ್ರ ಪೆನ್‌ಡ್ರೈವ್‌ನಲ್ಲಿದ್ದದ್ದು ಹಳೆಯ ನುಡಿ ಫಾಂಟಿನಲ್ಲಿ ಡಿಟಿಪಿ ಮಾಡಿಸಿದ ಕಡತ. ಅದು ಕನ್ನಡದಂತೆ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಬದಲಿಸಿದೊಡನೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಹೊರಬರುತ್ತವೆ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದೆವು. ಕೆಲವು ಅಧ್ಯಾಯಗಳನ್ನು ಬೇರೊಬ್ಬರು ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿದ್ದರು. ಹೆಚ್ಚು ತಪ್ಪು ಇದ್ದದ್ದು ಅಲ್ಲೇ. ‘ಚಿತ್ರದುಗ೯’ ಎಂದಿತ್ತು. ಕಣ್ಣಿಗೆ ಸರಿಯಾಗಿಯೇ ಇದೆ, ಆದರೆ ಕೊನೆಯಲ್ಲಿರುವುದು ಅರ್ಕಾವೊತ್ತಲ್ಲ, ಒಂಬತ್ತರ ಅಂಕಿ. ‘ಹೊ೦ಡ’ ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆಯ ಅಂಕಿ. ಅಚ್ಚಿನಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ. ಇ–ಪುಸ್ತಕದಲ್ಲಿ ಓದುಗ ‘ಚಿತ್ರದುರ್ಗ’ ಎಂದು ಹುಡುಕಿದರೆ ಪುಸ್ತಕದೊಳಗೆ ಒಂದೂ ಸಿಗುವುದಿಲ್ಲ. ಫೋನ್ ಗಟ್ಟಿಯಾಗಿ ಓದಿ ಹೇಳುವಾಗ ‘ದುಗ ಒಂಬತ್ತು’ ಎನ್ನುತ್ತದೆ.

ಪತ್ತೆ ಸುಲಭ. ರೈಟರ್‌ನ ಹುಡುಕು ಪೆಟ್ಟಿಗೆಯಲ್ಲಿ ಮೊದಲು ೯ ಹಾಕಿ, ನಂತರ ೦ ಹಾಕಿ. ಸೊನ್ನೆಗೆ ಅನುಸ್ವಾರ ಇಟ್ಟರೆ ಸಾಕು. ಒಂಬತ್ತನ್ನು ಅಳಿಸಿ, ‘ರ್’ ಅನ್ನು ಹಿಂದಿನ ಅಕ್ಷರಕ್ಕೂ ಮೊದಲು ಇಡಬೇಕು, ಹಾಗಾಗಿ ಒಂದೇ ಏಟಿಗೆ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಕನ್ನಡ ಅಂಕಿಯಲ್ಲಿ ಇಸವಿ ಬರೆದಿದ್ದರೆ ಅವೂ ಸಿಕ್ಕುತ್ತವೆ, ಒಂದೊಂದನ್ನೂ ನೋಡಿ ತಿದ್ದಿ. ನಮಗೆ ಒಂದೂವರೆ ದಿನ ಹಿಡಿಯಿತು.

ಇಪಬ್ ಒಳಗೆ ಎರಡು ವಿಷಯ ಕೈಯಾರೆ ನೋಡುತ್ತೇನೆ. ಭಾಷೆ ಕನ್ನಡ ಎಂದು ನಮೂದಾಗಿರಬೇಕು, ಮತ್ತು ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ನಡುವೆ ಜಾಗವಿರಬೇಕು.

```
<dc:language>kn</dc:language>
```

```
p { line-height: 1.7; letter-spacing: normal; }
```

ಇಂಗ್ಲಿಷ್ ಪುಸ್ತಕ ನೋಡಿ ಅಧ್ಯಾಯದ ಮೊದಲ ಅಕ್ಷರವನ್ನು ದೊಡ್ಡದಾಗಿ ನಿಲ್ಲಿಸುವ ಆಸೆ ಬಿಡಿ. ‘ಸ್ತ್ರೀ’ಯಂಥ ಅಕ್ಷರ ಕೆಲವು ಓದುಗ ತಂತ್ರಾಂಶಗಳಲ್ಲಿ ಮುರಿದು ಬೀಳುತ್ತದೆ. ಫಾಂಟ್ ಸೇರಿಸುವುದಿದ್ದರೆ ನೋಟೊ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಸಾಕು, ಎರಡಕ್ಕೂ ಮುಕ್ತ ಪರವಾನಗಿ ಇದೆ.

ಮುಖಪುಟ

ಸ್ವತಃ ಮಾಡುವುದೋ, ವಿನ್ಯಾಸಕರಿಗೆ ಕೊಡುವುದೋ? ಅಗಲ 1600, ಎತ್ತರ 2560 ಪಿಕ್ಸೆಲ್ ಎಂಬ ಕೆಡಿಪಿಯ ಅಳತೆಯಲ್ಲಿ ಒಂದು ಚಿತ್ರ ಮಾಡಿಟ್ಟುಕೊಂಡರೆ ಬೇರೆಡೆಗೂ ಅದೇ ನಡೆಯುತ್ತದೆ. ಆದರೆ ಓದುಗ ನೋಡುವುದು ಹೆಬ್ಬೆರಳ ಉಗುರಿನಷ್ಟು ಚಿತ್ರ. ಅದನ್ನು 100 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಿ, ಹೆಸರು ಓದಲು ಬರದಿದ್ದರೆ ಮುಖಪುಟ ಸೋತಿತು. ಕನ್ನಡದಲ್ಲಿ ಮೊದಲು ಮಾಯವಾಗುವುದು ಒತ್ತಕ್ಷರಗಳು. ‘ದುರ್ಗದರ್ಶನ: ಏಳುಸುತ್ತಿನ ಕೋಟೆಯ ಸಮಗ್ರ ಮಾರ್ಗದರ್ಶಿ’ ಎಂಬ ಮೇಷ್ಟ್ರ ಹೆಸರು ಆ ಅಳತೆಯಲ್ಲಿ ಇರುವೆಸಾಲಾಯಿತು. ‘ಕೋಟೆ ನೋಡೋಣ’ ಎಂದು ದಪ್ಪಕ್ಷರದಲ್ಲಿ ಬರೆದು, ಅಡಿಯಲ್ಲಿ ‘ಚಿತ್ರದುರ್ಗ’ ಎಂದಿಟ್ಟೆವು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ವಿನ್ಯಾಸಕರಿಗೆ 2,000 ರೂಪಾಯಿ ಕೊಟ್ಟರೆ, ಪ್ರತಿಗೆ 70 ರೂಪಾಯಿಯಂತೆ 29ನೆಯ ಪ್ರತಿಗೆ ಅದು ಹಿಂದಿರುಗುತ್ತದೆ. ಅಷ್ಟು ಮಾರುವ ಧೈರ್ಯವಿಲ್ಲದಿದ್ದರೆ ನೀವೇ ಮಾಡಿ.

ಬೆಲೆ ಮತ್ತು ತೆರಿಗೆ

ಅಗ್ಗ ಮಾಡಿದರೆ ಹೆಚ್ಚು ಹೋಗುತ್ತದೆ ಎಂಬ ಮಾತು ಯಾವಾಗಲೂ ನಿಜವಲ್ಲ. ಗೂಗಲ್‌ನಲ್ಲಿ 100 ರೂಪಾಯಿಗೆ ನೂರು ಪ್ರತಿ ಹೋದರೆ 7,000 ಬರುತ್ತದೆ. ಬೆಲೆ 49 ಇಟ್ಟರೆ ಅಷ್ಟೇ ದುಡ್ಡಿಗೆ 205 ಪ್ರತಿ ಹೋಗಬೇಕು. ಬೆಲೆ ಅರ್ಧವಾದೊಡನೆ ಓದುಗರು ದುಪ್ಪಟ್ಟಾಗುವರೇ? ಕತೆಯ ಪುಸ್ತಕಕ್ಕೆ ಆಗಬಹುದು. ಕೋಟೆಯ ಬಾಗಿಲಲ್ಲಿ ನಿಂತವನಿಗೆ 49 ಮತ್ತು 99ರ ನಡುವೆ ಇರುವುದು ಒಂದು ಬೆಣ್ಣೆದೋಸೆಯ ಅಂತರ.

ತೆರಿಗೆಯಲ್ಲಿ ಒಂದು ವಿಚಿತ್ರವಿದೆ. ಅಚ್ಚಾದ ಪುಸ್ತಕದ ಇ–ರೂಪಕ್ಕೆ ಜಿಎಸ್‌ಟಿ ಶೇ 5, ಅಚ್ಚಿನ ರೂಪವೇ ಇಲ್ಲದ ಇ–ಪುಸ್ತಕಕ್ಕೆ ಶೇ 18. 100 ರೂಪಾಯಿಯ ಪುಸ್ತಕ ಓದುಗನಿಗೆ 105 ಅಥವಾ 118. ಅಚ್ಚಿನ ಪ್ರತಿಯೂ ಇದ್ದರೆ ಅನುಕೂಲ. ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ, isbn.gov.in ತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಅಚ್ಚಿಗೊಂದು, ಇ–ಪುಸ್ತಕಕ್ಕೊಂದು ಬೇರೆ ಬೇರೆ ಸಂಖ್ಯೆ ಕೇಳಿ. ಯಾರಾದರೂ ಐಎಸ್‌ಬಿಎನ್‌ಗೆಂದು ದುಡ್ಡು ಕೇಳಿದರೆ ಕೊಡಬೇಡಿ.

ಮೇಷ್ಟ್ರು ಮಾಡಿದ್ದು

ಕನ್ನಡ ಕೈಪಿಡಿ ಗೂಗಲ್ ಪ್ಲೇಗೆ ಹೋಯಿತು, ತೆರಿಗೆ ಬಿಟ್ಟು 100 ರೂಪಾಯಿ. ಅದರ ಪಾವತಿ ಕೊಂಡಿಯನ್ನು ಹಳೆಯ ವಿದ್ಯಾರ್ಥಿಗಳ ಗುಂಪಿಗೂ ಕಳಿಸಿದರು. ಇಂಗ್ಲಿಷ್ ಆವೃತ್ತಿ ಮುಗಿದ ಮೇಲೆ ಕಿಂಡಲ್‌ಗೆ, ಮೊದಲ 90 ದಿನ ಸೆಲೆಕ್ಟ್‌ನಲ್ಲಿ. ಕನ್ನಡ ಬೇರೆ ಪುಸ್ತಕವಾದ್ದರಿಂದ ಅದಕ್ಕೆ ಆ ಕಟ್ಟು ತಾಗದು. ಕವಿತೆಗಳನ್ನು ಒಂದು ಕನ್ನಡ ಸಂಸ್ಥೆಗೆ ಕೊಡುವ ಯೋಚನೆ ಇದೆ, ಒಪ್ಪಂದದ ಪ್ರತಿಯನ್ನು ನನಗೆ ಕಳಿಸಿದ್ದಾರೆ. ಅವಧಿಯ ಕಾಲಂ ಇನ್ನೂ ಖಾಲಿ ಇದೆ. ಅದನ್ನು ತುಂಬಿಸದೆ ಸಹಿ ಹಾಕಬೇಡಿ ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದೇನೆ.